ಒಂದು ಕಾದಂಬರಿ, ಹದಿನೈದು ದಿನ, ಐದು ಪೋಸ್ಟ್: ಸಣ್ಣ ಪ್ರಕಾಶಕರಿಗೆ

ನಮ್ಮದು ಮನೆಯ ಮುಂದಿನ ಕೋಣೆಯಲ್ಲಿ ನಡೆಯುವ ಪ್ರಕಾಶನ. ಹಸ್ತಪ್ರತಿ ಓದುವುದು, ಕರಡು ತಿದ್ದುವುದು, ಅಂಚೆ ಕಚೇರಿಯಲ್ಲಿ ಸಾಲು ನಿಲ್ಲುವುದು ಎಲ್ಲಾ ನಾವಿಬ್ಬರೇ. ಮೊದಲ ಕಾದಂಬರಿ ತಂದಾಗ ಫೇಸ್‌ಬುಕ್‌ನಲ್ಲಿ ಹೀಗೆ ಬರೆದಿದ್ದೆವು: "ನಮ್ಮ ಪ್ರಕಾಶನದ ಹೆಮ್ಮೆಯ ಕೊಡುಗೆ. ಶೀಘ್ರದಲ್ಲೇ ಓದುಗರ ಕೈಗೆ. ನಿಮ್ಮೆಲ್ಲರ ಪ್ರೋತ್ಸಾಹವಿರಲಿ." ಇನ್ನೂರಕ್ಕೂ ಹೆಚ್ಚು ಲೈಕ್ ಬಂತು. "ಅಭಿನಂದನೆಗಳು", "ಶುಭವಾಗಲಿ" ಅಂತ ಕಾಮೆಂಟುಗಳ ಮಳೆ. ಮಾರಾಟವಾದದ್ದು ಒಂಬತ್ತು ಪ್ರತಿ.

ಓದುಗರದೇನೂ ತಪ್ಪಿಲ್ಲ. ನಾವು ಕೇಳಿದ್ದು ಪ್ರೋತ್ಸಾಹ, ಅವರು ಕೊಟ್ಟದ್ದೂ ಅದನ್ನೇ. ಪುಸ್ತಕ ಕೊಳ್ಳಿ ಅಂತ ನಾವು ಕೇಳಿಯೇ ಇರಲಿಲ್ಲ. ಬೆಲೆ ಇರಲಿಲ್ಲ, ಹಣ ಕಳಿಸುವ ದಾರಿ ಇರಲಿಲ್ಲ, ಕಥೆ ಯಾವುದರ ಬಗ್ಗೆ ಅನ್ನುವುದೂ ಇರಲಿಲ್ಲ. ಆಮೇಲೆ ನಾಲ್ಕು ಪುಸ್ತಕ ಮಾಡುವಷ್ಟರಲ್ಲಿ ಒಂದು ಕ್ರಮ ಸಿಕ್ಕಿತು. ಒಂದು ಪೋಸ್ಟಿಗೆ ಒಂದೇ ಕೆಲಸ. ಮುಖಪುಟ ತೋರಿಸುವ ಪೋಸ್ಟು ಮುಖಪುಟ ತೋರಿಸಲಿ, ಆಯ್ದ ಭಾಗದ ಪೋಸ್ಟು ಓದಿಸಲಿ, ಹಣ ಕೇಳುವ ಪೋಸ್ಟು ನೇರವಾಗಿ ಹಣ ಕೇಳಲಿ. ಈ ಲೇಖನದಲ್ಲಿ 'ಪೋಸ್ಟು' ಅಂದರೆ ಫೇಸ್‌ಬುಕ್, ವಾಟ್ಸ್ಆ್ಯಪ್‌ಗಳಲ್ಲಿ ಹಾಕುವುದು. ಪಾರ್ಸೆಲ್ ಕಳಿಸುವುದಕ್ಕೆ 'ಅಂಚೆ' ಅನ್ನುತ್ತೇನೆ, ಇಲ್ಲದಿದ್ದರೆ ಗೊಂದಲ.

ಉದಾಹರಣೆಗೆ ಒಂದು ಕಾದಂಬರಿಯನ್ನು ಕಲ್ಪಿಸಿಕೊಳ್ಳೋಣ. ಹೆಸರು 'ತೂಬು'. ಕೋಲಾರದ ಕಡೆಯ ಒಂದು ಹಳ್ಳಿ. ಅಲ್ಲಿ ಕೆರೆ ನೀರು ಹಂಚುವ ನೀರಗಂಟಿ ತೀರಿಕೊಂಡ ಮೇಲೆ ಆ ಕೆಲಸ ಮಗಳು ಸಾಕಮ್ಮನ ಪಾಲಿಗೆ ಬರುತ್ತದೆ. 216 ಪುಟ, 1/8 ಡೆಮಿ ಆಕಾರ, ಬೆಲೆ 250 ರೂಪಾಯಿ. ಮುಂದೆ ಬರುವ ಲೆಕ್ಕ, ಪೋಸ್ಟು ಎಲ್ಲವೂ ಈ ಪುಸ್ತಕದ್ದೇ.

ಮೊದಲು ದಿನಾಂಕ

ಪ್ರೀ-ಆರ್ಡರ್ ತೆರೆಯುವ ಮೊದಲು ಕೊನೆಯ ಕರಡು ತಿದ್ದಿ, ಒಳಪುಟ ಮತ್ತು ಮುಖಪುಟದ ಪಿಡಿಎಫ್ ಎರಡೂ ಸಿದ್ಧವಾಗಿರಬೇಕು. "ಇನ್ನೊಂದು ಸಲ ಲೇಖಕರು ನೋಡ್ತಾರಂತೆ" ಅನ್ನುವ ಹಂತದಲ್ಲಿ ತೆರೆದರೆ ಕೆಟ್ಟಿರಿ. ಲೇಖಕರು ನೋಡಿದರೆ ಸುಮ್ನೆ ನೋಡುವುದಿಲ್ಲ, ಒಂದು ಅಧ್ಯಾಯ ಬದಲಾಯಿಸುತ್ತಾರೆ.

'ತೂಬು'ವಿಗೆ ನಾನು ಹಾಕುವ ಕ್ಯಾಲೆಂಡರ್ ಹೀಗೆ. ಜನವರಿ 31, ಭಾನುವಾರ ಮುಖಪುಟ. ಫೆಬ್ರವರಿ 4, ಗುರುವಾರ ಸಂಜೆ ಆಯ್ದ ಭಾಗ. ಮರುದಿನ ಬೆಳಿಗ್ಗೆ ಪ್ರೀ-ಆರ್ಡರ್ ಶುರು. 10ರಂದು ಎರಡನೇ ಆಯ್ದ ಭಾಗ, 14ರ ಭಾನುವಾರ ರಾತ್ರಿ ಮುಕ್ತಾಯ. ಸೋಮವಾರ ಬೆಳಿಗ್ಗೆ ಪ್ರೆಸ್ಸಿಗೆ ಫೋನ್ ಮಾಡಿ ಎಷ್ಟು ಪ್ರತಿ ಅಂತ ಹೇಳುವುದು. ತಿಂಗಳ ಮೊದಲ ವಾರದಲ್ಲಿ ತೆರೆಯುವುದಕ್ಕೆ ಕಾರಣ ಬೇರೇನಿಲ್ಲ, ಸಂಬಳ. ಇಪ್ಪತ್ತೈದನೇ ತಾರೀಖಿನ ಮೇಲೆ ತೆರೆದಾಗ "ಒಂದನೇ ತಾರೀಖಿಗೆ ಹಾಕ್ತೀನಿ" ಅನ್ನುವವರೇ ಜಾಸ್ತಿ. ಅವರಲ್ಲಿ ಅರ್ಧ ಜನ ಮರೆಯುತ್ತಾರೆ.

ಪ್ರೆಸ್ಸಿನವರು ಹದಿನೈದು ದಿನ ಅಂದರೆ ಓದುಗರಿಗೆ ಇಪ್ಪತ್ತೈದು ದಿನ ಹೇಳಿ. ಅಂದರೆ "ಮಾರ್ಚ್ 12ರೊಳಗೆ ಅಂಚೆಗೆ ಹಾಕುತ್ತೇವೆ". ನಮ್ಮ ಮೂರನೇ ಪುಸ್ತಕದಲ್ಲಿ ಪ್ರೆಸ್ಸಿನವರು ಕೊಟ್ಟ ದಿನಾಂಕವನ್ನೇ ಹಾಗೆ ಬರೆದುಬಿಟ್ಟೆವು. ರಕ್ಷಾಪುಟದ ಲ್ಯಾಮಿನೇಶನ್ ಗುಳ್ಳೆ ಎದ್ದು ಇನ್ನೊಮ್ಮೆ ಮಾಡಿಸಬೇಕಾಯಿತು. ಹಣ ಕಟ್ಟಿದ ಓದುಗರು ಹತ್ತೊಂಬತ್ತು ದಿನ ಹೆಚ್ಚು ಕಾದರು. ಆ ಹತ್ತೊಂಬತ್ತು ದಿನ ನಾವು ಫೋನ್ ಎತ್ತುವುದಕ್ಕೇ ಹೆದರುತ್ತಿದ್ದೆವು. ನವೆಂಬರ್ ಹತ್ತಿರವಿದ್ದರೆ ಇನ್ನೂ ಒಂದು ವಾರ ಸೇರಿಸಿ. ರಾಜ್ಯೋತ್ಸವದ ಆಹ್ವಾನ ಪತ್ರಿಕೆ, ಸ್ಮರಣ ಸಂಚಿಕೆಗಳ ನಡುವೆ ನಿಮ್ಮ ಕಾದಂಬರಿ ಹಿಂದಕ್ಕೆ ಹೋಗುತ್ತದೆ.

ಪಠ್ಯ ಯೂನಿಕೋಡ್‌ಗೆ ಬರಲಿ

ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಎಡವುವುದು ಇಲ್ಲೇ. ಡಿಟಿಪಿ ಮಾಡುವವರು ಇನ್ನೂ 'ನುಡಿ' ತಂತ್ರಾಂಶದ ಹಳೆಯ ಅಕ್ಷರಗಳಲ್ಲೇ ಪುಟ ಕಟ್ಟುವುದು ಸಾಮಾನ್ಯ. ಆ ಫೈಲಿನಿಂದ ಒಂದು ಪ್ಯಾರಾ ತೆಗೆದು ಫೇಸ್‌ಬುಕ್‌ಗೆ ಅಂಟಿಸಿದರೆ 'ಕನ್ನಡ' ಅನ್ನುವುದು `PÀ£ÀßqÀ` ಆಗುತ್ತದೆ. ಇದು ಕಣ್ಣಿಗೆ ಬೀಳುತ್ತದೆ, ಹಾಗಾಗಿ ಯಾರೂ ಹಾಗೇ ಹಾಕುವುದಿಲ್ಲ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡುತ್ತಾರೆ. ತೊಂದರೆ ಇರುವುದು ಆಮೇಲೆ ಉಳಿಯುವ ಸಣ್ಣ ತಪ್ಪುಗಳಲ್ಲಿ. ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಜಿಗಿದಿರುತ್ತದೆ, ದೀರ್ಘ ಕಳೆದುಹೋಗಿ 'ಕೋಟೆ' 'ಕೊಟೆ' ಆಗಿರುತ್ತದೆ.

ಇನ್ನೊಂದು ತಪ್ಪು ಕಣ್ಣಿಗೆ ಕಾಣುವುದೇ ಇಲ್ಲ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಕೂತಿರುತ್ತದೆ. 'ಕಾದ೦ಬರಿ' ಮತ್ತು 'ಕಾದಂಬರಿ' ನೋಡಲು ಹೆಚ್ಚುಕಡಿಮೆ ಒಂದೇ. ಹುಡುಕುವಾಗ ಎರಡೂ ಬೇರೆ ಬೇರೆ. ಮೊದಲನೆಯ ರೀತಿ ಬರೆದ ಪೋಸ್ಟು, 'ಕಾದಂಬರಿ' ಅಂತ ಹುಡುಕಿದವರಿಗೆ ಸಿಗದೇ ಹೋಗಬಹುದು. ಕಂಡುಹಿಡಿಯುವುದು ಸುಲಭ. ಪಠ್ಯವನ್ನು ಫೋನಿನ ಬರಹದ ಆ್ಯಪ್‌ನಲ್ಲಿ ಅಂಟಿಸಿ, ೦ ಅಂಕಿಯನ್ನು ಹುಡುಕಿ. ಪದದ ನಡುವೆ ಸಿಕ್ಕಿದರೆ ಬದಲಾಯಿಸಿ. ಆಮೇಲೆ ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಪುಸ್ತಕದ ಪುಟ ನೋಡುತ್ತಾ ಕೇಳಲಿ. ಇನ್ನೂರು ಪದಕ್ಕೆ ಐದು ನಿಮಿಷ ಸಾಕು. ಆಯ್ದ ಭಾಗದಲ್ಲೇ ಕಾಗುಣಿತ ತಪ್ಪಿದ್ದರೆ ಓದುಗ ಇಡೀ ಪುಸ್ತಕದ ಕರಡು ತಿದ್ದುವಿಕೆಯನ್ನೇ ಅನುಮಾನಿಸುತ್ತಾನೆ, ಅಲ್ವಾ?

ಮುಖಪುಟದ ಪೋಸ್ಟು

ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮುಖಪುಟದ ಚಿತ್ರ, ಕಾದಂಬರಿ ಯಾವುದರ ಬಗ್ಗೆ ಅನ್ನುವ ಎರಡು ಸಾಲು, ಮುಖಪುಟ ಮಾಡಿದ ಕಲಾವಿದರ ಹೆಸರು, "ಗುರುವಾರ ಸಂಜೆ ಒಂದು ಭಾಗ ಓದಲು ಕೊಡುತ್ತೇವೆ" ಅನ್ನುವ ಮಾತು. ಅಷ್ಟೇ. ಅಭಿನಂದನೆಗಳೆಲ್ಲ ಇಲ್ಲೇ ಬಂದು ಮುಗಿಯಲಿ. ಲೇಖಕರ ಊರಿನವರು, ಸಹೋದ್ಯೋಗಿಗಳು, ನೆಂಟರು ಎಲ್ಲರೂ ಬರುತ್ತಾರೆ. ಅವರಿಗೆಲ್ಲ ಒಂದೊಂದು ಸಾಲಿನ ಉತ್ತರ ಕೊಡಿ. ಶುಕ್ರವಾರ ಪ್ರೀ-ಆರ್ಡರ್ ತೆರೆದಾಗ ಇದೇ ಪಟ್ಟಿ ಕೆಲಸಕ್ಕೆ ಬರುತ್ತದೆ.

ಯಾವ ಭಾಗ ಆರಿಸಬೇಕು

ಲೇಖಕರನ್ನು ಕೇಳಿದರೆ ಮೊದಲ ಪುಟ ಕೊಡುತ್ತಾರೆ. ಇಲ್ಲವೇ ತಮಗೆ ತುಂಬ ಇಷ್ಟವಾದ ವರ್ಣನೆ. 'ತೂಬು'ವಿನ ಮೊದಲ ಪುಟದಲ್ಲಿ ಕೆರೆ ಏರಿಯ ಮೇಲೆ ಸೂರ್ಯ ಹುಟ್ಟುತ್ತಾನೆ, ಕೊಕ್ಕರೆ ಹಾರುತ್ತದೆ. ಪುಸ್ತಕ ಕೈಯಲ್ಲಿ ಹಿಡಿದು ಕೂತವನಿಗೆ ಅದು ಚೆನ್ನ. ಬಸ್ಸಿನಲ್ಲಿ ಹೆಬ್ಬೆರಳಿನಿಂದ ಫೋನ್ ಸರಿಸುವವನು ಕೊಕ್ಕರೆಗೆ ನಿಲ್ಲುವುದಿಲ್ಲ. ಕೊನೆಯ ಅಧ್ಯಾಯದಿಂದ ತೆಗೆದರೆ ಕಥೆ ಬಿಟ್ಟುಕೊಟ್ಟ ಹಾಗೆ.

ನಾನು ಹುಡುಕುವುದು ಮೊದಲ ಕಾಲು ಭಾಗದೊಳಗಿನ ಒಂದು ದೃಶ್ಯವನ್ನು. ಅದರಲ್ಲಿ ಇಬ್ಬರು ಇರಬೇಕು, ಒಬ್ಬರಿಗೆ ಏನೋ ಬೇಕಾಗಿರಬೇಕು, ಇನ್ನೊಬ್ಬರು ಕೊಡಬೇಕೋ ಬೇಡವೋ ಅಂತ ನಿರ್ಧರಿಸಬೇಕಾಗಿರಬೇಕು. ಹಿಂದಿನ ಕಥೆ ಗೊತ್ತಿಲ್ಲದಿದ್ದರೂ ಅರ್ಥವಾಗಬೇಕು. ಹೆಸರುಗಳು ಎರಡಕ್ಕಿಂತ ಹೆಚ್ಚು ಬೇಡ. ಉದ್ದ ಎಪ್ಪತ್ತರಿಂದ ಇನ್ನೂರು ಪದ. 'ತೂಬು'ವಿನ 38ನೇ ಪುಟದಲ್ಲಿ ಅಂಥದ್ದೊಂದು ಇದೆ ಅಂದುಕೊಳ್ಳಿ:

"ಕೆರೆ ಏರಿಯ ಮೇಲೆ ಬ್ಯಾಟರಿ ಬೆಳಕು ಕಂಡಾಗ ರಾತ್ರಿ ಎರಡು ಗಂಟೆ. ಸಾಕಮ್ಮ ಕಂಬಳಿ ಸರಿಸಿ ಎದ್ದಳು.

'ಯಾರದು?'

ಬೆಳಕು ಆರಿತು.

'ನಾನು ಕಣಕ್ಕ, ಸೀನ.'

'ನಿನ್ನ ಸರದಿ ನಾಳಿದ್ದಲ್ವೇನೋ?'

'ಪೈರು ಕೇಳ್ಬೇಕಲ್ಲಕ್ಕ, ನಾಳಿದ್ದಿನ ತನಕ.'

ಸಾಕಮ್ಮ ಮಾತಾಡಲಿಲ್ಲ. ಅಪ್ಪ ಇದ್ದಿದ್ದರೆ ಬೈದು ಕಳಿಸುತ್ತಿದ್ದ. ಅಪ್ಪನಿಗೆ ಊರಿನ ಗದ್ದೆಗಳೆಲ್ಲ ಒಂದೇ. ಅವಳಿಗೆ ಹಾಗಲ್ಲ. ಸೀನನ ಗದ್ದೆಯ ಬದುವಿನ ಮೇಲೆ ಕೂತೇ ಅವಳು ಏಳನೇ ಕ್ಲಾಸಿನ ಪುಸ್ತಕ ಓದಿದ್ದು.

'ಎಷ್ಟು ಹೊತ್ತು ಬೇಕು?'

'ಒಂದು ಗಳಿಗೆ ಸಾಕು.'

ತೂಬಿನ ಗೂಟ ಎತ್ತುವಾಗ ಅವಳ ಕೈ ನಡುಗಲಿಲ್ಲ. ನೀರು ಕಾಲುವೆಗೆ ಬಿದ್ದ ಸದ್ದು ಇಡೀ ಊರಿಗೆ ಕೇಳಿಸುವಷ್ಟು ಜೋರಾಗಿತ್ತು.

ಏರಿಯ ಆ ತುದಿಯಲ್ಲಿ ಇನ್ನೊಂದು ಬ್ಯಾಟರಿ ಹೊತ್ತಿತು."

ಪುಸ್ತಕದಲ್ಲಿ ಇದರ ಮುಂದಿನ ಸಾಲಿನಲ್ಲೇ ಆ ಬ್ಯಾಟರಿ ಯಾರದ್ದು ಅಂತ ಇರುತ್ತದೆ. ಲೇಖಕರು "ಪ್ಯಾರಾ ಪೂರ್ತಿ ಆಗಲಿ" ಅನ್ನಬಹುದು. ಒಪ್ಪಬೇಡಿ. ಎರಡನೇ ಬ್ಯಾಟರಿ ಹೊತ್ತಿದ ಜಾಗದಲ್ಲೇ ಕತ್ತರಿಸಬೇಕು. ಒಂದು ಸಾಲು ಮುಂದೆ ಹೋದರೆ ಓದುಗನ ಪ್ರಶ್ನೆಗೆ ಉತ್ತರ ಸಿಕ್ಕಿಬಿಡುತ್ತದೆ. ಒಂದು ಸಾಲು ಹಿಂದೆ ನಿಲ್ಲಿಸಿದರೆ ಪ್ರಶ್ನೆಯೇ ಹುಟ್ಟುವುದಿಲ್ಲ, ನೀರು ಬಿಟ್ಟಳು ಅಷ್ಟೇ. ಆದರೆ ಕತ್ತರಿಸುವುದು ತುದಿಗಳಲ್ಲಿ ಮಾತ್ರ. ನಡುವಿನಿಂದ ಸಾಲು ತೆಗೆದು ಚುಕ್ಕಿ ಇಟ್ಟು ಜೋಡಿಸುವುದು ಬೇಡ. ಪುಸ್ತಕ ಬಂದ ಮೇಲೆ ಹೋಲಿಸಿ ನೋಡುವವರು ಇದ್ದೇ ಇರುತ್ತಾರೆ.

ಈಗ ಪೋಸ್ಟಿನ ಮೊದಲ ಸಾಲು. ಫೇಸ್‌ಬುಕ್ ಉದ್ದ ಬರಹವನ್ನು ನಾಲ್ಕೈದು ಸಾಲಿಗೆ ಮಡಚಿ `See more` ಅಂತ ತೋರಿಸುತ್ತದೆ. ಇನ್‌ಸ್ಟಾಗ್ರಾಂ ಅದಕ್ಕೂ ಮೊದಲೇ ಮಡಚುತ್ತದೆ. ಹಾಗಾಗಿ "ನಮಸ್ಕಾರ ಸ್ನೇಹಿತರೇ, ನಮ್ಮ ಪ್ರಕಾಶನದ ಮುಂದಿನ ಕಾದಂಬರಿಯ ಆಯ್ದ ಭಾಗವನ್ನು ನಿಮ್ಮ ಮುಂದಿಡಲು ಹರ್ಷಿಸುತ್ತೇವೆ" ಅಂತ ಶುರು ಮಾಡಿದರೆ ಮಡಚಿದ ಭಾಗದ ಮೇಲೆ ಉಳಿಯುವುದು ಹರ್ಷ ಮಾತ್ರ. ನೇರವಾಗಿ "ಕೆರೆ ಏರಿಯ ಮೇಲೆ ಬ್ಯಾಟರಿ ಬೆಳಕು ಕಂಡಾಗ ರಾತ್ರಿ ಎರಡು ಗಂಟೆ" ಅಂತಲೇ ಶುರುವಾಗಲಿ. ಮೇಲೆ ಶೀರ್ಷಿಕೆ ಬೇಡ, ನಮಸ್ಕಾರ ಬೇಡ. ಸಂಭಾಷಣೆ ಇರುವ ಭಾಗಕ್ಕೆ ಇಲ್ಲಿ ಇನ್ನೊಂದು ಲಾಭ ಇದೆ. ಸಾಲುಗಳು ಚಿಕ್ಕವು, ಫೋನಿನಲ್ಲಿ ಗಾಳಿಯಾಡುತ್ತದೆ.

ಭಾಗ ಮುಗಿದ ಮೇಲೆ ಒಂದು ಸಾಲು ಬಿಟ್ಟು ಇಷ್ಟು ಬರೆಯಿರಿ: "ಇದು 'ತೂಬು' ಕಾದಂಬರಿಯ 38ನೇ ಪುಟ. ನಾಳೆ ಬೆಳಿಗ್ಗೆ ಹತ್ತಕ್ಕೆ ಪ್ರೀ-ಆರ್ಡರ್ ಶುರು." ಬೆಲೆ ಕೂಡ ಬೇಡ. ಈ ಪೋಸ್ಟಿನ ಕೆಲಸ ಓದಿಸುವುದು. "ಆಮೇಲೆ ಏನಾಯ್ತು?" ಅಂತ ಒಬ್ಬರಾದರೂ ಕಾಮೆಂಟು ಮಾಡಿದರೆ ಕತ್ತರಿಸಿದ ಜಾಗ ಸರಿಯಾಗಿದೆ ಅಂತ ಲೆಕ್ಕ. "ಸೊಗಸಾದ ಭಾಷೆ" ಅಂತ ಮಾತ್ರ ಬಂದರೆ ಎರಡನೇ ಭಾಗಕ್ಕೆ ಬೇರೆ ದೃಶ್ಯ ಹುಡುಕಿ.

ಚಿತ್ರವಾಗಿಯೂ ಹಾಕುವುದಾದರೆ ಇಡೀ ದೃಶ್ಯ ತುರುಕಬೇಡಿ. ಇನ್‌ಸ್ಟಾಗ್ರಾಂಗೆ 1080×1350 ಅಳತೆಯ ಚಿತ್ರದಲ್ಲಿ ಎಂಟು ಸಾಲಿಗಿಂತ ಜಾಸ್ತಿ ಬೇಡ. ಕನ್ನಡಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು ಇರುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಬೇಕು. ಕೆಲವು ವಿನ್ಯಾಸದ ತಂತ್ರಾಂಶಗಳಲ್ಲಿ ಭಾರತೀಯ ಲಿಪಿಯ ಆಯ್ಕೆ ಹಾಕದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ 'ಅಕ್ಕ' ಹೋಗಿ 'ಅಕ್‌ಕ' ಬರುತ್ತದೆ. ಮೊದಲು ಒತ್ತಿರುವ ಪದವೊಂದನ್ನು ಟೈಪ್ ಮಾಡಿ ನೋಡಿ, ಆಮೇಲೆ ಉಳಿದದ್ದು.

ಇನ್ನೊಂದು ಮಾತು. ಭಾನುವಾರದ ಪುರವಣಿಗೋ ವೆಬ್ ಪತ್ರಿಕೆಗೋ ಆಯ್ದ ಭಾಗ ಕಳಿಸುವುದಿದ್ದರೆ ಬೇರೆ ಅಧ್ಯಾಯ ಇಟ್ಟುಕೊಳ್ಳಿ. ಫೇಸ್‌ಬುಕ್‌ನಲ್ಲಿ ಆಗಲೇ ಬಂದದ್ದನ್ನು ಸಂಪಾದಕರು ಇಷ್ಟಪಡುವುದಿಲ್ಲ. ಅವರಿಗೆ ಸಾವಿರ ಪದದ ಮೇಲಿನದು ಬೇಕಾಗಿರುತ್ತದೆ, ಹಾಗಾಗಿ ಒಂದೇ ತುಂಡು ಎರಡೂ ಕಡೆಗೆ ಹೊಂದುವುದೂ ಇಲ್ಲ.

ಹಣ ಕೇಳುವ ಪೋಸ್ಟು

ಮೊದಲು ಬೆಲೆಯ ಲೆಕ್ಕ. 'ತೂಬು' 250 ರೂಪಾಯಿ. ಪ್ರೀ-ಆರ್ಡರ್ ಮಾಡಿದವರಿಗೆ ಅಂಚೆ ವೆಚ್ಚ ಸೇರಿ 220 ಅಂತ ಇಡೋಣ. ಇಷ್ಟು ಪುಟದ ಪುಸ್ತಕ 70 ಜಿಎಸ್ಎಂ ಕಾಗದದಲ್ಲಿ ಸುಮಾರು ಕಾಲು ಕೆಜಿ ತೂಗುತ್ತದೆ. ಪ್ಯಾಕಿಂಗ್ ಸೇರಿದರೆ ಮುನ್ನೂರು ಗ್ರಾಮಿನ ಹತ್ತಿರ. ಅಂಚೆ ದರ ತೂಕದ ಹಂತಗಳಲ್ಲಿ ಏರುತ್ತದೆ. ಆದ್ದರಿಂದ ಅಷ್ಟೇ ಪುಟದ ಹಳೆಯ ಪುಸ್ತಕವೊಂದನ್ನು ಪ್ಯಾಕ್ ಮಾಡಿ ಅಂಚೆ ಕಚೇರಿಯಲ್ಲಿ ತೂಗಿಸಿ ದರ ಕೇಳಿಕೊಂಡೇ ಬೆಲೆ ನಿಗದಿ ಮಾಡಿ. ಅಂಚೆಗೆ 45, ಕವರು ಮತ್ತು ಟೇಪಿಗೆ 10 ಆಯಿತು ಅಂದುಕೊಂಡರೆ ನಿಮ್ಮ ಕೈಗೆ ಉಳಿಯುವುದು 165. ಅಂಗಡಿಗೆ ಶೇ. 40 ರಿಯಾಯಿತಿಯಲ್ಲಿ ಕೊಟ್ಟಿದ್ದರೆ 150 ಸಿಗುತ್ತಿತ್ತು, ಅದೂ ಮಾರಾಟವಾದ ಮೇಲೆ. ಪ್ರೀ-ಆರ್ಡರಿನ ನಿಜವಾದ ಲಾಭ ಆ ಹದಿನೈದು ರೂಪಾಯಿ ಅಲ್ಲ. ಪ್ರೆಸ್ಸಿಗೆ ಮುಂಗಡ ಕೊಡುವ ಹೊತ್ತಿಗೆ ಹಣ ಕೈಯಲ್ಲಿರುತ್ತದೆ. 120 ಜನ ಕಟ್ಟಿದರೆ ಅಂಚೆ, ಪ್ಯಾಕಿಂಗ್ ಕಳೆದು 19,800 ರೂಪಾಯಿ. ಜೊತೆಗೆ 300 ಹಾಕಿಸಬೇಕೋ 500 ಹಾಕಿಸಬೇಕೋ ಅನ್ನುವುದಕ್ಕೆ ಒಂದು ಅಂದಾಜು ಸಿಗುತ್ತದೆ. ಓದುಗರ ಹಣ ಮೊದಲು, ಪುಸ್ತಕ ಆಮೇಲೆ ಅನ್ನುವುದು ಕನ್ನಡಕ್ಕೆ ಹೊಸದೇನಲ್ಲ. ಧಾರವಾಡದಲ್ಲಿ 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿಕೊಂಡೇ ಪುಸ್ತಕ ತಂದದ್ದು.

ಪೋಸ್ಟಿನಲ್ಲಿ ಓದುಗನ ಐದು ಪ್ರಶ್ನೆಗೆ ಉತ್ತರ ಇರಬೇಕು. ಏನಿದು, ಎಷ್ಟು, ಹೇಗೆ ಕಟ್ಟಲಿ, ಯಾವತ್ತಿನವರೆಗೆ, ಯಾವಾಗ ಬರುತ್ತದೆ. ನಾನು ಬರೆಯುವುದು ಹೀಗೆ:

"ರಾತ್ರಿ ಎರಡು ಗಂಟೆಗೆ ಸರದಿ ತಪ್ಪಿಸಿ ನೀರು ಬಿಟ್ಟ ಸಾಕಮ್ಮನ ಕಥೆ 'ತೂಬು'. ಇಂದಿನಿಂದ ಪ್ರೀ-ಆರ್ಡರ್.

ಬೆಲೆ ₹250. ಫೆಬ್ರವರಿ 14ರ ರಾತ್ರಿಯವರೆಗೆ ಅಂಚೆ ವೆಚ್ಚ ಸೇರಿ ₹220.

ಕೆಳಗಿನ ಲಿಂಕ್ ಒತ್ತಿದರೆ ನಮ್ಮ ವಾಟ್ಸ್ಆ್ಯಪ್ ತೆರೆಯುತ್ತದೆ. ಮೆಸೇಜ್ ಕಳಿಸಿ, ಹಣ ಕಟ್ಟುವ ಕ್ಯೂಆರ್ ಕೋಡ್ ಬರುತ್ತದೆ. ಹಣ ಕಟ್ಟಿ ವಿಳಾಸ, ಪಿನ್‌ಕೋಡ್, ಫೋನ್ ನಂಬರ್ ಬರೆದರೆ ಆಯಿತು.

ಪುಸ್ತಕ ಮಾರ್ಚ್ 12ರೊಳಗೆ ಅಂಚೆಗೆ ಹಾಕುತ್ತೇವೆ. ಲೇಖಕರ ಸಹಿ ಬೇಕಿದ್ದರೆ ಯಾರ ಹೆಸರಿಗೆ ಅಂತ ತಿಳಿಸಿ."

"ಪ್ರತಿಗಳು ಸೀಮಿತ, ಇಂದೇ ಕಾಯ್ದಿರಿಸಿ" ಅನ್ನುವ ಮಾತು ಬೇಡ. ಐನೂರು ಪ್ರತಿ ಹಾಕಿಸುವ ನಮಗೆ ಪ್ರತಿ ಸೀಮಿತವೇ, ಆದರೆ ಓದುಗರು ಅದನ್ನು ನಂಬುವುದಿಲ್ಲ. ದಿನಾಂಕ ನಂಬುತ್ತಾರೆ. 15ನೇ ತಾರೀಖು ಯಾರಾದರೂ "ಒಂದೇ ದಿನ ತಡವಾಯ್ತು ಸಾರ್" ಅಂದರೆ ಪೂರ್ತಿ ಬೆಲೆ, ಅಂಚೆ ವೆಚ್ಚ ಬೇರೆ. ಸ್ವಲ್ಪ ಕಷ್ಟ, ಆದರೆ ಒಮ್ಮೆ ಸಡಿಲ ಬಿಟ್ಟರೆ ಮುಂದಿನ ಪುಸ್ತಕಕ್ಕೆ ಯಾರೂ ದಿನಾಂಕ ಲೆಕ್ಕಕ್ಕಿಡುವುದಿಲ್ಲ.

ಲಿಂಕ್ ಹೀಗಿರುತ್ತದೆ. X ಇರುವ ಕಡೆ ನಿಮ್ಮ ವಾಟ್ಸ್ಆ್ಯಪ್ ಬಿಸಿನೆಸ್ ನಂಬರು:

```
https://wa.me/91XXXXXXXXXX?text=TOOBU
```

ಇದನ್ನು ಒತ್ತಿದ ಓದುಗನಿಗೆ ನಿಮ್ಮ ಜೊತೆಗಿನ ಚಾಟ್ ತೆರೆದು, TOOBU ಅಂತ ಮೊದಲೇ ಟೈಪ್ ಆಗಿರುತ್ತದೆ. ಅವನು ಕಳಿಸಿದರೆ ಸಾಕು. ಕನ್ನಡದಲ್ಲೂ ಹಾಕಬಹುದು, ಆದರೆ ಲಿಂಕ್ ಶೇಕಡಾ ಚಿಹ್ನೆಗಳಿಂದ ತುಂಬಿ ಎರಡು ಸಾಲು ಉದ್ದವಾಗುತ್ತದೆ. ಉತ್ತರವನ್ನು ಬಿಸಿನೆಸ್ ಆ್ಯಪ್‌ನ ಕ್ವಿಕ್ ರಿಪ್ಲೈಯಲ್ಲಿ ಉಳಿಸಿಟ್ಟುಕೊಳ್ಳಿ. `/` ಒತ್ತಿದರೆ ಬರುತ್ತದೆ, ನೂರು ಸಲ ಟೈಪ್ ಮಾಡುವುದು ತಪ್ಪುತ್ತದೆ.

ಕ್ಯೂಆರ್ ಕೋಡಿನಲ್ಲಿ ಮೊತ್ತ ಮೊದಲೇ ತುಂಬಿರಲಿ. ಈ ಸಾಲಿನಿಂದ ಯಾವುದಾದರೂ ಕ್ಯೂಆರ್ ತಯಾರಿಸುವ ಆ್ಯಪ್‌ನಲ್ಲಿ ಕೋಡ್ ಮಾಡಿಕೊಳ್ಳಬಹುದು:

```
upi://pay?pa=yourid@bank&pn=Prakashana&am=220&cu=INR&tn=TOOBU
```

`pa` ಎದುರು ನಿಮ್ಮ ಯುಪಿಐ ಐಡಿ, `pn` ಎದುರು ಖಾತೆಯ ಹೆಸರು. ಮೊತ್ತ ತುಂಬಿಲ್ಲದಿದ್ದರೆ ಒಬ್ಬರು 250 ಕಳಿಸುತ್ತಾರೆ, ಇನ್ನೊಬ್ಬರು 200. ವಾಪಸ್ ಕಳಿಸುವುದು, ಇಪ್ಪತ್ತು ರೂಪಾಯಿ ಕೇಳುವುದು, ಎರಡೂ ಮುಜುಗರ. ಎರಡು ಪ್ರತಿಗೆ 440ರ ಇನ್ನೊಂದು ಕೋಡ್ ಮಾಡಿಟ್ಟುಕೊಳ್ಳಿ. ಕೋಡ್ ಮಾಡಿದ ಮೇಲೆ ನಿಮ್ಮ ಮನೆಯವರ ಫೋನಿನಿಂದ ಒಮ್ಮೆ ಕಟ್ಟಿಸಿ, ತೆರೆಯ ಮೇಲೆ ಬರುವ ಹೆಸರು ನೋಡಿ. ಪ್ರಕಾಶನದ ಹೆಸರಿನ ಬದಲು ಖಾತೆದಾರರ ಮನೆ ಹೆಸರು ಬಂದರೆ ಓದುಗರು ಮೋಸ ಇರಬಹುದು ಅಂತ ಹಿಂದೆ ಸರಿಯುತ್ತಾರೆ. ಆಗ "ಖಾತೆಯ ಹೆಸರು ಹೀಗೆ ಕಾಣುತ್ತದೆ" ಅಂತ ಉತ್ತರದಲ್ಲೇ ಹೇಳಿಬಿಡಿ.

ಲಿಂಕನ್ನು ಪೋಸ್ಟಿನಲ್ಲಿ ಹಾಕಬೇಕೋ ಮೊದಲ ಕಾಮೆಂಟಿನಲ್ಲಿ ಹಾಕಬೇಕೋ ಅಂತ ವಾದ ಇದೆ. ಪೋಸ್ಟಿನಲ್ಲಿ ಲಿಂಕ್ ಇದ್ದರೆ ಫೇಸ್‌ಬುಕ್ ಕಡಿಮೆ ಜನರಿಗೆ ತೋರಿಸುತ್ತದೆ ಅನ್ನುವವರಿದ್ದಾರೆ. ಇರಬಹುದು. ನಾನಂತೂ ಪೋಸ್ಟಿನಲ್ಲೇ ಹಾಕುತ್ತೇನೆ. ನಮ್ಮ ಓದುಗರು ಬರಹ ಕಾಪಿ ಮಾಡಿ ಶಾಲೆಯ ಗೆಳೆಯರ ಗುಂಪಿಗೋ ಕುಟುಂಬದ ಗುಂಪಿಗೋ ಹಾಕುತ್ತಾರೆ. ಕಾಮೆಂಟಿನಲ್ಲಿರುವ ಲಿಂಕ್ ಅಲ್ಲಿಗೆ ಹೋಗುವುದಿಲ್ಲ. ಇನ್‌ಸ್ಟಾಗ್ರಾಂ ಬರಹದಲ್ಲಿ ಲಿಂಕ್ ಒತ್ತಲು ಬರುವುದೇ ಇಲ್ಲ, ಅಲ್ಲಿ ಬಯೋದಲ್ಲಿ ಮತ್ತು ಸ್ಟೋರಿಯ ಸ್ಟಿಕ್ಕರಿನಲ್ಲಿ ಹಾಕಿ.

ವಾಟ್ಸ್ಆ್ಯಪ್‌ಗೆ ಇದೇ ಬರಹವನ್ನು ಅರ್ಧಕ್ಕೆ ಇಳಿಸಿ. ಪುಸ್ತಕದ ಹೆಸರನ್ನು `*ತೂಬು*` ಅಂತ ನಕ್ಷತ್ರದ ನಡುವೆ ಬರೆದರೆ ದಪ್ಪಕ್ಷರ ಆಗುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರವರೆಗೆ ಸೇರಿಸಬಹುದು, ಆದರೆ ನಿಮ್ಮ ನಂಬರ್ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುವುದು. ಆದ್ದರಿಂದ ಹಿಂದಿನ ಪುಸ್ತಕದ ಪಾರ್ಸೆಲ್ಲಿನಲ್ಲಿ "ಈ ನಂಬರ್ ಉಳಿಸಿಕೊಳ್ಳಿ" ಅಂತ ಒಂದು ಚೀಟಿ ಇಟ್ಟಿದ್ದವರು ಈಗ ಗೆದ್ದರು.

ವಿದೇಶದಲ್ಲಿರುವ ಕನ್ನಡಿಗರಿಂದ ಮೆಸೇಜು ಬಂದೇ ಬರುತ್ತದೆ. ಒಂದು ಪ್ರತಿಯನ್ನು ಅಷ್ಟು ದೂರ ಕಳಿಸುವ ಖರ್ಚು ಪುಸ್ತಕದ ಬೆಲೆಯನ್ನೇ ಮೀರುತ್ತದೆ. ನಾವು "ಭಾರತದ ವಿಳಾಸ ಕೊಡಿ" ಅನ್ನುತ್ತೇವೆ. ಬಹಳ ಜನ ಮೈಸೂರು, ಹುಬ್ಬಳ್ಳಿಯ ಅಪ್ಪ-ಅಮ್ಮನ ಮನೆಗೆ ತರಿಸಿಕೊಂಡು, ಊರಿಗೆ ಬಂದಾಗ ಒಯ್ಯುತ್ತಾರೆ. ಅಂಥ ಆರ್ಡರಿಗೆ ಕಳಿಸುವವರ ಫೋನಿನ ಜೊತೆಗೆ ಆ ಮನೆಯವರ ಫೋನ್ ನಂಬರೂ ಕೇಳಿ. ಅಂಚೆಯಣ್ಣ ಫೋನ್ ಮಾಡುವುದು ಪಾರ್ಸೆಲ್ಲಿನ ಮೇಲಿರುವ ನಂಬರಿಗೆ, ಅದು ಡಲ್ಲಾಸಿನಲ್ಲಿ ರಿಂಗಾದರೆ ಪ್ರಯೋಜನವಿಲ್ಲ.

ಆ ಹತ್ತು ದಿನ

ಒಂದು ಎಕ್ಸೆಲ್ ಹಾಳೆ ಸಾಕು. ಹೆಸರು, ವಿಳಾಸ, ಪಿನ್‌ಕೋಡ್, ಫೋನ್, ಎಷ್ಟು ಪ್ರತಿ, ಸಹಿ ಯಾರ ಹೆಸರಿಗೆ, ಯುಟಿಆರ್ ಸಂಖ್ಯೆ. ಹಣ ಕಟ್ಟಿದ ಸ್ಕ್ರೀನ್‌ಶಾಟ್ ನಂಬಿ ಟಿಕ್ ಹಾಕಬೇಡಿ. ಅದರಲ್ಲಿರುವ ಹನ್ನೆರಡು ಅಂಕಿಯ ಯುಟಿಆರ್ ಸಂಖ್ಯೆಯನ್ನು ರಾತ್ರಿ ಬ್ಯಾಂಕ್ ಸ್ಟೇಟ್‌ಮೆಂಟಿನ ಜೊತೆ ತಾಳೆ ನೋಡಿ. ಮೋಸ ಮಾಡುವವರು ಅಪರೂಪ. ಆದರೆ 'ಪೆಂಡಿಂಗ್' ಅಂತ ಇದ್ದದ್ದನ್ನೇ ಕಳಿಸಿ ಮರೆತವರು ಪ್ರತಿ ಸಲ ಮೂರ್ನಾಲ್ಕು ಜನ ಇರುತ್ತಾರೆ. ಹಣ ಕಟ್ಟಿ ವಿಳಾಸ ಕೊಡದವರು ಅದಕ್ಕಿಂತ ಜಾಸ್ತಿ. ಅವರಿಗೆ ಅದೇ ರಾತ್ರಿ ಕೇಳಿ, ಒಂದು ವಾರ ಬಿಟ್ಟರೆ ಯಾವ ಪುಸ್ತಕ ಅನ್ನುವುದೇ ಅವರಿಗೆ ನೆನಪಿರುವುದಿಲ್ಲ.

ಆರ್ಡರುಗಳು ಮೊದಲ ಎರಡು ದಿನ ಮತ್ತು ಕೊನೆಯ ಒಂದು ದಿನ ಬರುತ್ತವೆ. ನಡುವೆ ಮರಳುಗಾಡು. ಆ ಖಾಲಿಯನ್ನು ನೋಡಿ ಗಾಬರಿಯಾಗಿ ದಿನಾ "ಇನ್ನೂ ಬುಕ್ ಮಾಡಿಲ್ಲವೇ?" ಅಂತ ಹಾಕುವವರನ್ನು ನೋಡಿದ್ದೇನೆ. ಒಂದು ಸಲ ನಾನೂ ಹಾಕಿದ್ದೆ. ಜನ ಗುಂಪು ಬಿಟ್ಟು ಹೋದರು. ನಡುವೆ ಒಂದೇ ಪೋಸ್ಟು ಸಾಕು, 10ನೇ ತಾರೀಖಿನ ಎರಡನೇ ಆಯ್ದ ಭಾಗ. ಮೊದಲನೆಯದು ರಾತ್ರಿಯ ದೃಶ್ಯವಾಗಿದ್ದರೆ ಇದು ಹಗುರವಾಗಿರಲಿ. 'ತೂಬು'ವಿನಲ್ಲಿ ಸಾಕಮ್ಮ ಪಂಚಾಯಿತಿಗೆ ಹೋಗಿ ಅಪ್ಪನ ಬಾಕಿ ಸಂಬಳ ಕೇಳುವ ನಗೆಯ ಪುಟ ಇದ್ದರೆ ಅದು. ಲೇಖಕರೇ ಓದಿದ ಒಂದೂವರೆ ನಿಮಿಷದ ಆಡಿಯೋ ಕೂಡ ಆಗಬಹುದು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ ಫೋನಿನಲ್ಲೇ ರೆಕಾರ್ಡ್ ಮಾಡಿದರೆ ಸಾಕು. ಅಡಿಯಲ್ಲಿ ಲಿಂಕ್, ಕೊನೆಯ ದಿನಾಂಕ.

14ರ ಬೆಳಿಗ್ಗೆ ಕೊನೆಯ ನೆನಪು. ಅದರಲ್ಲಿ ಹೊಸದೇನೂ ಬೇಡ, ಮೂರೇ ಸಾಲು: "ಈವರೆಗೆ 96 ಜನ 'ತೂಬು' ಬುಕ್ ಮಾಡಿದ್ದಾರೆ. ₹220ರ ಬೆಲೆ ಇವತ್ತು ರಾತ್ರಿ ಹನ್ನೆರಡರವರೆಗೆ. ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಸಂಖ್ಯೆ ಹೇಳುತ್ತೇವೆ." ನಿಜವಾದ ಸಂಖ್ಯೆಯನ್ನೇ ಬರೆಯಿರಿ, 31 ಇದ್ದರೆ 31. ಊರಿನ ಅರ್ಧ ಜನಕ್ಕೆ ನಿಮ್ಮ ಪ್ರೆಸ್ಸಿನವರು ಗೊತ್ತಿರುತ್ತಾರೆ.

ತಡವಾದರೆ

ಲ್ಯಾಮಿನೇಶನ್ ಕಥೆ ಹೇಳಿದೆನಲ್ಲ. ಮೊದಲ ನಾಲ್ಕು ದಿನ ಸುಮ್ಮನಿದ್ದೆವು, ಇನ್ನೇನು ಬರುತ್ತದೆ ಅಂತ. ಐದನೇ ದಿನ ಒಬ್ಬ ಮೇಷ್ಟ್ರು, ಬಹಳ ಮರ್ಯಾದೆಯಿಂದ, "ಪುಸ್ತಕ ಬರೋದಿದೆಯಾ?" ಅಂತ ಕೇಳಿದರು. ಅವತ್ತೇ ಹಣ ಕಟ್ಟಿದ ಎಲ್ಲರಿಗೂ ಕಳಿಸಿದೆವು: "ರಕ್ಷಾಪುಟ ಹಾಳಾಗಿದೆ, ಫೋಟೋ ನೋಡಿ. ಹೊಸದು ಮಾಡಿಸುತ್ತಿದ್ದೇವೆ. ಇಂಥ ದಿನ ಕಳಿಸುತ್ತೇವೆ. ಹಣ ವಾಪಸ್ ಬೇಕಿದ್ದರೆ ಒಂದು ಮಾತು ಹೇಳಿ, ಇವತ್ತೇ ಹಾಕುತ್ತೇವೆ." ಮೂವರು ವಾಪಸ್ ತೆಗೆದುಕೊಂಡರು. ಕೆಲಸ ಮಾಡಿದ್ದು ಗುಳ್ಳೆ ಎದ್ದ ಮುಖಪುಟದ ಫೋಟೋ. ಈ ಸಂದೇಶ ಹಣ ಕಟ್ಟಿದವರಿಗೆ ಮೊದಲು, ಫೇಸ್‌ಬುಕ್‌ಗೆ ಆಮೇಲೆ. ಹಣ ಕೊಟ್ಟವರು ಸುದ್ದಿಯನ್ನು ಬೇರೆಯವರ ಗೋಡೆಯ ಮೇಲೆ ಓದಬಾರದು.

ಪುಸ್ತಕ ಹೊರಟ ದಿನ

ಹದಿನೈದು ದಿನದ ಐದು ಪೋಸ್ಟುಗಳ ಆಚೆಗಿನದು ಇದು, ಬರೆಯುವುದೇನೂ ಇಲ್ಲ. ಪ್ಯಾಕ್ ಮಾಡಿ ಪೇರಿಸಿದ ಪಾರ್ಸೆಲ್ಲುಗಳ ಒಂದು ಫೋಟೋ. ತೆಗೆಯುವಾಗ ವಿಳಾಸದ ಬದಿ ಗೋಡೆಗೆ ತಿರುಗಿರಲಿ, ಓದುಗರ ಮನೆ ವಿಳಾಸ, ಫೋನ್ ನಂಬರ್ ಎಲ್ಲರಿಗೂ ಕಾಣಬಾರದು. ಪ್ರತಿಯೊಬ್ಬರಿಗೂ ಅಂಚೆಯ ಟ್ರ್ಯಾಕಿಂಗ್ ಸಂಖ್ಯೆಯನ್ನು ಬೇರೆಯಾಗಿ ಕಳಿಸಿ. ನಾಲ್ಕೈದು ದಿನದಲ್ಲಿ ಪುಸ್ತಕ ಹಿಡಿದ ಫೋಟೋಗಳು ಬರಲು ಶುರುವಾಗುತ್ತವೆ. ಕೇಳಿಯೇ ಹಂಚಿಕೊಳ್ಳಿ. ಅಂಗಡಿಗಳಿಗೆ ಪ್ರತಿ ಕೊಡುವುದು, ಬಿಡುಗಡೆ ಸಮಾರಂಭ ಎಲ್ಲ ಇದರ ನಂತರ ಇಟ್ಟುಕೊಳ್ಳಿ. ಮೊದಲೇ ಹಣ ಕಟ್ಟಿ ತಿಂಗಳು ಕಾದವರಿಗಿಂತ ಮುಂಚೆ, ಭಾನುವಾರ ಬೆಳಿಗ್ಗೆ ಇಡ್ಲಿ-ವಡೆ ತಿಂದು ಹೋಗಲು ಬಂದವರ ಕೈಗೆ ಪುಸ್ತಕ ಸಿಕ್ಕಿದರೆ ಬೈಗುಳ ಖಂಡಿತ. ನಮಗೆ ಸಿಕ್ಕಿದೆ.